ಥಾಯ್ಲೆಂಡ್ ಮಷಿನ್‌ಗೆ ಸೊನ್ನೆ ಡ್ಯೂಟಿ: ನೋಟಿಸ್‌ನಲ್ಲಿ ಏನಿದೆ, ಡೀಲರ್ ಹತ್ತಿರ ಏನು ಕೇಳಬೇಕು

ನಮಸ್ಕಾರ ಅಣ್ಣ,

ನೀವು ಕಳಿಸಿದ ಮೂರು ಪುಟದ ಇಂಗ್ಲಿಷ್ ನೋಟಿಸ್ ಪೂರ್ತಿ ಓದಿದೆ. "ಫಾರ್ಮ್ ಎಐ ಕೊಡ್ತೀವಿ, ನಿಮಗೆ ಡ್ಯೂಟಿ ಬೀಳಲ್ಲ" ಅಂತ ಸಿಂಗಾಪುರದ ಡೀಲರ್ ಹೇಳಿದ್ದಾರಲ್ವಾ, ಅದು ಅರ್ಧ ಮಾತ್ರ ನಿಜ. ಫಾರ್ಮ್ ಎಐ ಅಂದರೆ ಸರಕು ಯಾವ ದೇಶದ್ದು ಅಂತ ಅಲ್ಲಿನ ಸರ್ಕಾರ ಕೊಡುವ ಸರ್ಟಿಫಿಕೇಟ್, ಅದು ಕೈಗೆ ಬಂದರೆ ಸೊನ್ನೆ ಡ್ಯೂಟಿ ಕೇಳಬಹುದು. ಆದರೆ ಮಷಿನ್ ನಿಜಕ್ಕೂ ಥಾಯ್ಲೆಂಡ್‌ನಲ್ಲೇ ತಯಾರಾಗಿದ್ದು ಅಂತ ತೋರಿಸಬೇಕಾದವರು ನೀವು, ಡೀಲರ್ ಅಲ್ಲ. ಇನ್ನೂ ಅಡ್ವಾನ್ಸ್ ಕಳಿಸಿಲ್ಲ ಅಂದಿದ್ದೀರಿ, ಒಳ್ಳೆಯದಾಯಿತು. ಇದನ್ನು ಓದಿದ ಮೇಲೆ ಕಳಿಸಿ.

ಮೊದಲ ಪ್ಯಾರಾದಲ್ಲಿ ಇರುವುದು ಒಪ್ಪಂದದ ಹೆಸರು. ಭಾರತ ಮತ್ತು ಆಸಿಯಾನ್ ದೇಶಗಳು 2009ರಲ್ಲಿ ಸಹಿ ಹಾಕಿ 2010ರ ಜನವರಿ 1ರಿಂದ ಜಾರಿಗೆ ತಂದ ಸರಕು ವ್ಯಾಪಾರದ ಒಪ್ಪಂದ ಅದು. ಥಾಯ್ಲೆಂಡ್, ಸಿಂಗಾಪುರ, ಮಲೇಷ್ಯಾ, ವಿಯೆಟ್ನಾಂ ಎಲ್ಲ ಇದರಲ್ಲಿ ಬರುತ್ತವೆ. ಯಾವ ಸರಕಿಗೆ ಎಷ್ಟು ರಿಯಾಯಿತಿ ಅನ್ನುವುದು 46/2011 ಕಸ್ಟಮ್ಸ್ ನೋಟಿಫಿಕೇಶನ್‌ನಲ್ಲಿದೆ, ಸರಕು ಯಾವ ದೇಶದ್ದು ಅಂತ ತೀರ್ಮಾನಿಸುವ ನಿಯಮ 189/2009ರಲ್ಲಿದೆ. ಆಮದಿನ ವಿವರ ಕಸ್ಟಮ್ಸ್‌ಗೆ ಕೊಡುವ ಬಿಲ್ ಆಫ್ ಎಂಟ್ರಿಯಲ್ಲಿ ನೋಟಿಫಿಕೇಶನ್ ನಂಬರ್, ಸೀರಿಯಲ್ ನಂಬರ್ ಹಾಕುವುದು ನಮ್ಮ ಕೆಲಸ, ಅದನ್ನು ನಮಗೆ ಬಿಡಿ.

ಈಗ ದುಡ್ಡಿನ ಲೆಕ್ಕ. ಎಣ್ಣೆ ಬಾಟಲಿಗೆ ತುಂಬಿ ಮುಚ್ಚಳ ಹಾಕುವ ನಿಮ್ಮ ಮಷಿನ್‌ಗೆ ಮಾಮೂಲಿ ಬೇಸಿಕ್ ಡ್ಯೂಟಿ 7.5 ಪರ್ಸೆಂಟ್. ಸಾಗಣೆ, ಇನ್ಶೂರೆನ್ಸ್ ಎಲ್ಲ ಸೇರಿ ಕಸ್ಟಮ್ಸ್ ಲೆಕ್ಕಕ್ಕೆ ಹಿಡಿಯುವ ಬೆಲೆ 40 ಲಕ್ಷ ಅಂತ ಇಟ್ಟುಕೊಳ್ಳೋಣ. ರಿಯಾಯಿತಿ ಇಲ್ಲದಿದ್ದರೆ ಬೇಸಿಕ್ ಡ್ಯೂಟಿ 3 ಲಕ್ಷ, ಅದರ ಮೇಲೆ 10 ಪರ್ಸೆಂಟ್ ಸೋಶಿಯಲ್ ವೆಲ್ಫೇರ್ ಸರ್ಚಾರ್ಜ್ 30 ಸಾವಿರ, ಬೆಲೆಗೆ ಇವೆರಡೂ ಸೇರಿದ 43,30,000ದ ಮೇಲೆ 18 ಪರ್ಸೆಂಟ್ ಐಜಿಎಸ್‌ಟಿ 7,79,400. ಒಟ್ಟು 11,09,400. ರಿಯಾಯಿತಿ ಸಿಕ್ಕರೆ ಬೇಸಿಕ್ ಸೊನ್ನೆ, ಸರ್ಚಾರ್ಜ್ ಸೊನ್ನೆ, ಆದರೆ ಐಜಿಎಸ್‌ಟಿ 7,20,000 ಕಟ್ಟಲೇಬೇಕು. ಆದ್ದರಿಂದ "ಡ್ಯೂಟಿ ಬೀಳಲ್ಲ" ಅನ್ನುವ ಮಾತು ನಂಬಿ ಬ್ಯಾಂಕಿನಲ್ಲಿ ದುಡ್ಡು ಇಲ್ಲದೆ ಕೂರಬೇಡಿ. ವ್ಯತ್ಯಾಸ 3,89,400. ಅದರಲ್ಲಿ ಐಜಿಎಸ್‌ಟಿ ಭಾಗ ನಿಮಗೆ ಇನ್‌ಪುಟ್ ಕ್ರೆಡಿಟ್ ಆಗಿ ಬರುತ್ತದೆ, ನಿಜವಾಗಿ ಉಳಿಯುವುದು 3,30,000. ಸಣ್ಣ ಮೊತ್ತ ಅಲ್ಲ, ಹಾಗಾಗಿ ಸರಿಯಾಗಿ ಮಾಡೋಣ.

ಎರಡನೇ ಪುಟದಲ್ಲೇ ಇರುವುದು ಎಲ್ಲದರ ಮೂಲ, ನಿಧಾನವಾಗಿ ಓದಿ. ಅಲ್ಲಿ ಹೇಳಿರುವುದು ಇಷ್ಟು: "ಪೂರ್ತಿಯಾಗಿ ಅಲ್ಲೇ ಬೆಳೆದ ಅಥವಾ ಸಿಕ್ಕ ವಸ್ತು ಅಲ್ಲದಿದ್ದರೆ, ಎಫ್‌ಒಬಿ ಬೆಲೆಯಲ್ಲಿ ಕನಿಷ್ಠ 35 ಪರ್ಸೆಂಟ್ ಒಪ್ಪಂದದ ದೇಶಗಳ ಪಾಲು ಇರಬೇಕು, ಜೊತೆಗೆ ಹೊರಗಿನಿಂದ ತಂದ ಸಾಮಾನಿನ ಆರು ಅಂಕಿಯ ಎಚ್‌ಎಸ್ ಕೋಡ್ ತಯಾರಿಕೆಯಲ್ಲಿ ಬದಲಾಗಿರಬೇಕು, ಕೊನೆಯ ತಯಾರಿಕೆ ರಫ್ತು ಮಾಡುವ ದೇಶದಲ್ಲೇ ಆಗಿರಬೇಕು." ಎಚ್‌ಎಸ್ ಕೋಡ್ ಅಂದರೆ ಕಸ್ಟಮ್ಸ್‌ನಲ್ಲಿ ಪ್ರತಿ ಬಗೆಯ ಸರಕಿಗೆ ಇರುವ ನಂಬರ್. ಈ ಮೂರೂ ಷರತ್ತು ಬೇಕು. ಒಂದಿದ್ದು ಇನ್ನೊಂದು ಇಲ್ಲದಿದ್ದರೆ ನಡೆಯುವುದಿಲ್ಲ.

ನಿಮ್ಮ ಮಷಿನ್‌ಗೇ ಇದನ್ನು ಹಚ್ಚಿ ನೋಡೋಣ. ಮಷಿನ್ ಬೆಲೆ ಮತ್ತು ಅದನ್ನು ಥಾಯ್ಲೆಂಡ್‌ನಲ್ಲಿ ಹಡಗಿಗೆ ಏರಿಸುವವರೆಗಿನ ಖರ್ಚು ಸೇರಿದ್ದು, ಅಂದರೆ ಎಫ್‌ಒಬಿ, 100 ರೂಪಾಯಿ ಅನ್ನಿ. ಅದರಲ್ಲಿ ಚೀನಾದ ಮೋಟರ್, ಜಪಾನಿನ ಕಂಟ್ರೋಲರ್, ಎಲ್ಲಿಂದ ಬಂತು ಅಂತ ಗೊತ್ತಿಲ್ಲದ ಬಿಡಿಭಾಗ ಎಲ್ಲ ಸೇರಿ 65 ರೂಪಾಯಿ ದಾಟಬಾರದು. ಗೊತ್ತಿಲ್ಲದ ಸಾಮಾನನ್ನೂ ಹೊರಗಿನದು ಅಂತಲೇ ಲೆಕ್ಕ ಹಾಕುತ್ತಾರೆ, ಇದನ್ನು ತುಂಬ ಜನ ಗಮನಿಸುವುದಿಲ್ಲ. ಇನ್ನು ಕೋಡ್ ವಿಷಯ. ತುಂಬುವ, ಮುಚ್ಚಳ ಹಾಕುವ ಮಷಿನ್‌ನ ಕೋಡ್ 8422.30, ಅದರ ಬಿಡಿಭಾಗದ ಕೋಡ್ 8422.90. ಚೀನಾದಿಂದ ಬಿಡಿಭಾಗ ತಂದು ಥಾಯ್ಲೆಂಡ್‌ನಲ್ಲಿ ಮಷಿನ್ ಕಟ್ಟಿದರೆ ಕೋಡ್ ಬದಲಾಯಿತು, ಸರಿ. ಆದರೆ ಇಡೀ ಮಷಿನ್ ಬಿಚ್ಚಿದ ಸ್ಥಿತಿಯಲ್ಲಿ ಕಿಟ್ ಆಗಿ ಬಂದು ಅಲ್ಲಿ ಬೋಲ್ಟ್ ಬಿಗಿದು ಬಣ್ಣ ಹೊಡೆದಿದ್ದರೆ ಕಸ್ಟಮ್ಸ್ ಪ್ರಕಾರ ಅದು ಬಿಚ್ಚಿದ ಮಷಿನ್ನೇ, ಕೋಡ್ 8422.30ರಲ್ಲೇ ಉಳಿಯುತ್ತದೆ, ರಿಯಾಯಿತಿ ಹೋಯಿತು. ಸುಮ್ನೆ ಪ್ಯಾಕ್ ಮಾಡುವುದು, ಲೇಬಲ್ ಅಂಟಿಸುವುದನ್ನು ತಯಾರಿಕೆ ಅಂತ ಒಪ್ಪುವುದೇ ಇಲ್ಲ. ಡೀಲರ್ ಕಳಿಸಿದ ಫೋಟೋದಲ್ಲಿ ಕಂಟ್ರೋಲ್ ಪ್ಯಾನಲ್ ಮೇಲೆ ಚೀನಿ ಅಕ್ಷರ ಕಾಣುತ್ತಿದೆ. ಅದೊಂದರಿಂದ ಏನೂ ಹೇಳಲಾಗದು, ಪ್ಯಾನಲ್ ಮಾತ್ರ ಚೀನಾದ್ದಿರಬಹುದು. ಆದರೂ ಉಳಿದ ಭಾಗ ಎಲ್ಲಿಯದು ಅಂತ ಕೇಳಲೇಬೇಕು.

ಸಾಗಣೆಯ ಷರತ್ತು ಚಿಕ್ಕದು, ಆದರೆ ನಿಮ್ಮ ಕೇಸಿನಲ್ಲಿ ಮುಖ್ಯ. ಸರಕು ರಫ್ತು ದೇಶದಿಂದ ನೇರವಾಗಿ ಬರಬೇಕು ಅಂತ ಇದೆ. ಕೊಟೇಶನ್‌ನಲ್ಲಿ ಥಾಯ್ಲೆಂಡ್‌ನ ಲೇಮ್ ಚಬಾಂಗ್ ಬಂದರಿನಿಂದ ಕೊಲಂಬೊ, ಅಲ್ಲಿಂದ ಚೆನ್ನೈ, ಆಮೇಲೆ ವೈಟ್‌ಫೀಲ್ಡ್‌ನ ಕಂಟೇನರ್ ಡಿಪೋ ಐಸಿಡಿ ಅಂತ ದಾರಿ ಹಾಕಿದ್ದಾರೆ. ಸಿಂಗಾಪುರ ಅಥವಾ ಮಲೇಷ್ಯಾದ ಪೋರ್ಟ್ ಕ್ಲಾಂಗ್ ಮೇಲೆ ಬಂದರೆ ತಲೆನೋವು ಕಡಿಮೆ, ಅವೆರಡೂ ಒಪ್ಪಂದದ ದೇಶಗಳಲ್ಲೇ ಇವೆ. ಶ್ರೀಲಂಕಾ ಈ ಒಪ್ಪಂದದಲ್ಲಿ ಇಲ್ಲ. ಹಾಗಂತ ಕೊಲಂಬೊ ಮೇಲೆ ಬಂದ ತಕ್ಷಣ ರಿಯಾಯಿತಿ ಹೋಗುವುದಿಲ್ಲ. ಹಡಗು ಬದಲಾಯಿಸುವುದು ಸಾಗಣೆಗೆ ಬೇಕಾಗಿದ್ದೇ ಆಗಿರಬೇಕು, ಅಲ್ಲಿ ಇಳಿಸಿ ಏರಿಸುವುದು ಮತ್ತು ಸರಕು ಕೆಡದಂತೆ ಇಡುವುದು ಬಿಟ್ಟು ಬೇರೆ ಕೆಲಸ ಆಗಿರಬಾರದು, ಅಲ್ಲಿನ ಮಾರುಕಟ್ಟೆಗೆ ಇಳಿದಿರಬಾರದು. ಇದಕ್ಕೆ ಸಾಕ್ಷಿ ಥಾಯ್ಲೆಂಡ್‌ನಲ್ಲಿ ಕೊಟ್ಟ, ಭಾರತದವರೆಗಿನ ಥ್ರೂ ಬಿಲ್ ಆಫ್ ಲೇಡಿಂಗ್, ಅಂದರೆ ಪೂರ್ತಿ ದಾರಿಗೆ ಒಂದೇ ಸಾಗಣೆ ಪತ್ರ. ಕೊಲಂಬೊದಲ್ಲಿ ಹೊಸದಾಗಿ ಬಿ.ಎಲ್. ಮಾಡಿಸಿದರೆ ನಮಗೆ ಕಷ್ಟ. ಸಾಧ್ಯವಾದರೆ ದಾರಿಯನ್ನೇ ಬದಲಾಯಿಸಿ ಅಂತ ಕೇಳಿ, ಸಾಗಣೆ ಸ್ವಲ್ಪ ಜಾಸ್ತಿ ಆದರೂ ಪರವಾಗಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಫಾರ್ಮ್ ಎಐ ಬಗ್ಗೆ ಈಗ. ಥಾಯ್ಲೆಂಡ್‌ನಲ್ಲಿ ಇದನ್ನು ಕೊಡುವುದು ಅಲ್ಲಿನ ವಾಣಿಜ್ಯ ಸಚಿವಾಲಯದ ವಿದೇಶಿ ವ್ಯಾಪಾರ ಇಲಾಖೆ. ಡೀಲರ್ ತನ್ನ ಲೆಟರ್‌ಹೆಡ್ ಮೇಲೆ ಬರೆದುಕೊಟ್ಟ ಕಾಗದ ನಡೆಯುವುದಿಲ್ಲ. ಮಾಲು ಸಿಂಗಾಪುರದ ಡೀಲರ್ ಕೈಗೆ ಹೋಗದೆ ಥಾಯ್ಲೆಂಡ್‌ನಿಂದಲೇ ಹೊರಡುವುದರಿಂದ ಫಾರ್ಮ್ ಕೂಡ ಥಾಯ್ಲೆಂಡ್‌ದೇ ಇರಬೇಕು. ಬಿಲ್ ಮಾತ್ರ ಸಿಂಗಾಪುರದಿಂದ. ಇದಕ್ಕೆ ನೋಟಿಸ್‌ನಲ್ಲಿ ಥರ್ಡ್ ಕಂಟ್ರಿ ಇನ್‌ವಾಯ್ಸಿಂಗ್ ಅಂತ ಇದೆ, ಒಪ್ಪಂದದಲ್ಲಿ ಅವಕಾಶ ಇದೆ, ಆದರೆ ಫಾರ್ಮ್‌ನಲ್ಲಿ ಆ ಚೌಕಕ್ಕೆ ಟಿಕ್ ಬಿದ್ದಿರಬೇಕು. ಫಾರ್ಮ್‌ನಲ್ಲಿ ಯಾವ ಇನ್‌ವಾಯ್ಸ್ ನಂಬರ್ ಹಾಕುತ್ತಾರೆ ಅಂತ ಮೊದಲೇ ಕೇಳಿಟ್ಟುಕೊಳ್ಳಿ, ನಮ್ಮ ಕೈಯಲ್ಲಿರುವ ಕಾಗದಕ್ಕೆ ಅದು ತಾಳೆ ಆಗಬೇಕು.

ಎಂಟನೇ ಕಾಲಂ ಮೇಲೆ ಕಣ್ಣಿಡಿ. ಅಲ್ಲಿ ಸರಕು ಯಾವ ಆಧಾರದ ಮೇಲೆ ಥಾಯ್ಲೆಂಡ್‌ದು ಅಂತ ಬರೆಯುತ್ತಾರೆ. ನಿಮ್ಮ ಮಷಿನ್‌ಗೆ RVC 42% + CTSH ಅನ್ನುವ ತರಹ ಇರಬೇಕು. RVC ಅಂದರೆ ಒಪ್ಪಂದದ ದೇಶಗಳ ಪಾಲು, CTSH ಅಂದರೆ ಆರು ಅಂಕಿಯ ಕೋಡ್ ಬದಲಾಗಿದೆ ಅಂತ. ಪಾಲಿನ ಶೇಕಡಾವಾರು ಎಷ್ಟೇ ಇರಲಿ, 35ಕ್ಕಿಂತ ಕಡಿಮೆ ಇರಬಾರದು. ಅಲ್ಲಿ WO ಅಂತ ಬಂದರೆ ತಕ್ಷಣ ವಾಪಸ್ ಕಳಿಸಿ. ಪೂರ್ತಿ ಅಲ್ಲೇ ಸಿಕ್ಕ ವಸ್ತು ಅಂತ ಅದರ ಅರ್ಥ, ಅಕ್ಕಿಗೋ ಹಣ್ಣಿಗೋ ಸರಿ, ಮೋಟರ್ ಇರುವ ಮಷಿನ್‌ಗೆ ಅದನ್ನು ನೋಡಿದ ಯಾವ ಆಫೀಸರ್ ಕೂಡ ಸುಮ್ಮನಿರುವುದಿಲ್ಲ.

ಫಾರ್ಮ್‌ನ ಅವಧಿ ಕೊಟ್ಟ ದಿನದಿಂದ 12 ತಿಂಗಳು. ಮಾಲು ಹೊರಡುವ ಹೊತ್ತಿಗೆ ಅಥವಾ ಹೊರಟ ಮೂರು ಕೆಲಸದ ದಿನದೊಳಗೆ ಕೊಡಬೇಕು. ತಡವಾದರೆ ISSUED RETROACTIVELY ಅನ್ನುವ ಮುದ್ರೆ ಬೇಕೇ ಬೇಕು. ಅಂಕಿ ಹೊಡೆದು ತಿದ್ದಿ, ಪಕ್ಕದಲ್ಲಿ ಇಲಾಖೆಯ ದೃಢೀಕರಣ ಇಲ್ಲದಿದ್ದರೆ, ಕಾಲಂ ಖಾಲಿ ಇದ್ದರೆ, ಅವಧಿ ಮುಗಿದಿದ್ದರೆ ಯಾವ ತನಿಖೆಯೂ ಇಲ್ಲದೆ ತಿರಸ್ಕರಿಸಬಹುದು. ಸಣ್ಣ ಸ್ಪೆಲಿಂಗ್ ತಪ್ಪಿಗೆ ತಿರಸ್ಕರಿಸಬಾರದು ಅಂತಲೂ ಇದೆ, ಹೆದರಬೇಡಿ.

ಕೊನೆಯ ಪ್ಯಾರಾದಲ್ಲಿ ಕ್ಯಾರೋಟಾರ್ ಅಂತ ಒಂದು ಪದ ಬಂದಿದೆ, ಡೀಲರ್ ಅದರ ಬಗ್ಗೆ ಬಾಯಿ ಬಿಟ್ಟಿಲ್ಲ. ಅದು ನಮ್ಮ ದೇಶದ 2020ರ ಕಸ್ಟಮ್ಸ್ ನಿಯಮ, ಆ ವರ್ಷ ಸೆಪ್ಟೆಂಬರ್ 21ರಿಂದ ಜಾರಿಯಲ್ಲಿದೆ. ಕಸ್ಟಮ್ಸ್ ಕಾಯ್ದೆಯ 28ಡಿಎ ಸೆಕ್ಷನ್ ಇದರ ಬೆನ್ನಿಗಿದೆ. ಬರೀ ಸರ್ಟಿಫಿಕೇಟ್ ಕೊಟ್ಟರೆ ಆಮದುದಾರನ ಹೊಣೆ ಮುಗಿಯುವುದಿಲ್ಲ ಅಂತ ಅದರಲ್ಲಿ ನೇರವಾಗಿ ಬರೆದಿದೆ. ಮಷಿನ್ ಹೇಗೆ ತಯಾರಾಯಿತು, ಯಾವ ಸಾಮಾನು ಎಲ್ಲಿಯದು, ಅಲ್ಲಿನ ಪಾಲು ಎಷ್ಟು, ಹೇಗೆ ಲೆಕ್ಕ ಹಾಕಿದರು ಅನ್ನುವುದನ್ನು ಫಾರ್ಮ್ 1ರಲ್ಲಿ ತುಂಬಿ ನಿಮ್ಮ ಹತ್ತಿರ ಇಟ್ಟುಕೊಳ್ಳಬೇಕು, ಬಿಲ್ ಆಫ್ ಎಂಟ್ರಿ ಹಾಕಿದ ದಿನದಿಂದ ಐದು ವರ್ಷ. ಆಫೀಸರ್ ಕೇಳಿದರೆ 10 ಕೆಲಸದ ದಿನದಲ್ಲಿ ಕೊಡಬೇಕು. ಮಾಲು ವೈಟ್‌ಫೀಲ್ಡ್‌ನಲ್ಲಿ ನಿಂತು ಡೆಮರೇಜ್ ಏರುತ್ತಿರುವಾಗ ಥಾಯ್ಲೆಂಡ್‌ಗೆ ಮೇಲ್ ಹಾಕುತ್ತಾ ಕೂತರೆ 10 ದಿನ ಏನಕ್ಕೂ ಸಾಲದು. ದುಡ್ಡು ಪೂರ್ತಿ ಹೋದ ಮೇಲೆ ಡೀಲರ್ ಉತ್ತರ ಕೊಡುವ ವೇಗವೂ ಬೇರೆಯೇ ಇರುತ್ತದೆ.

ಅನುಮಾನ ಬಂದರೆ ಕಸ್ಟಮ್ಸ್‌ನವರು ಥಾಯ್ಲೆಂಡ್ ಇಲಾಖೆಗೆ ವೆರಿಫಿಕೇಶನ್ ಕಳಿಸಬಹುದು. ಅಲ್ಲಿಯವರೆಗೆ ಮಾಲು ಬಿಡಿಸಿಕೊಳ್ಳಬೇಕಾದರೆ ವ್ಯತ್ಯಾಸದ ಮೊತ್ತಕ್ಕೆ, ಅಂದರೆ ಆ 3,89,400ಕ್ಕೆ, ಸೆಕ್ಯುರಿಟಿ ಕೊಟ್ಟು ಪ್ರೊವಿಜನಲ್ ಆಗಿ ಬಿಡಿಸಬಹುದು. ಕೊನೆಗೆ ಕ್ಲೇಮ್ ಬಿದ್ದರೆ ಡ್ಯೂಟಿ ಜೊತೆ ವರ್ಷಕ್ಕೆ 15 ಪರ್ಸೆಂಟ್ ಬಡ್ಡಿ, ದಂಡವೂ ಬೀಳಬಹುದು, ಮಾಲು ಮುಟ್ಟುಗೋಲು ಮಾಡುವ ಅಧಿಕಾರವೂ ಅವರಿಗಿದೆ. ಗೊತ್ತಿದ್ದು ನೆಮ್ಮದಿಯಾಗಿರಲಿ ಅಂತ ಹೇಳುತ್ತಿದ್ದೇನೆ. ಕಾಗದ ಸರಿ ಇದ್ದವರಿಗೆ ಈ ರಿಯಾಯಿತಿ ಸಿಕ್ಕೇ ಸಿಗುತ್ತದೆ.

ಬೆಲೆ ವಿವರ ವ್ಯಾಪಾರದ ಗುಟ್ಟು, ಕೊಡುವುದಿಲ್ಲ ಅಂತ ಫ್ಯಾಕ್ಟರಿಯವರು ಅನ್ನಬಹುದು. ಒಂದೊಂದು ನಟ್ಟಿನ ಬೆಲೆ ನಮಗೆ ಬೇಡ ಅಂತ ಹೇಳಿ. ಹೊರಗಿನಿಂದ ತಂದ ಮುಖ್ಯ ಭಾಗಗಳ ಹೆಸರು, ಅವುಗಳ ಎಚ್‌ಎಸ್ ಕೋಡ್, ಎಲ್ಲಿಯವು, ಒಟ್ಟು ಎಷ್ಟು ಪರ್ಸೆಂಟ್, ತಮ್ಮ ಶೆಡ್‌ನಲ್ಲಿ ಏನೇನು ಕೆಲಸ ಮಾಡುತ್ತಾರೆ, ಇಷ್ಟು ಸಾಕು. ಇದನ್ನೂ ಕೊಡಲ್ಲ ಅಂದರೆ ಮಷಿನ್ ತರಿಸಿ, ಬೇಡ ಅನ್ನಲ್ಲ, ಆದರೆ 7.5 ಪರ್ಸೆಂಟ್ ಕಟ್ಟುವ ಲೆಕ್ಕದಲ್ಲಿ ಬೆಲೆ ಮಾತಾಡಿ.

ಡೀಲರ್‌ಗೆ ಕಳಿಸಬೇಕಾದ ಇಂಗ್ಲಿಷ್ ಮೇಲ್ ಇದರ ಜೊತೆಗೇ ಹಾಕಿದ್ದೇನೆ, ನಿಮ್ಮ ಕಂಪನಿ ಮೇಲ್‌ನಿಂದಲೇ ಹೋಗಲಿ, ನನಗೊಂದು ಕಾಪಿ ಇಡಿ. ಫಾರ್ಮ್ ಎಐ ಅರ್ಜಿ ಹಾಕುವ ಮೊದಲು ಅದರ ಡ್ರಾಫ್ಟ್ ಕಳಿಸಿ ಅಂತ ಅದರಲ್ಲೇ ಕೇಳಿದ್ದೇನೆ, ಮುದ್ರೆ ಬಿದ್ದ ಮೇಲೆ ತಿದ್ದಿಸುವುದು ದೊಡ್ಡ ಕೆಲಸ. ಪ್ರೊಫಾರ್ಮಾ ಇನ್‌ವಾಯ್ಸ್‌ನಲ್ಲಿ ಬ್ಯಾಲೆನ್ಸ್ 70 ಪರ್ಸೆಂಟ್ ಯಾವಾಗ ಅಂತ ಬರೆದಿಲ್ಲ, "ಫಾರ್ಮ್ ಎಐ ಸ್ಕ್ಯಾನ್ ಮತ್ತು ಥ್ರೂ ಬಿ.ಎಲ್. ಕಾಪಿ ಬಂದ ಮೇಲೆ" ಅಂತ ಸೇರಿಸಿ ಎಂದು ಕೇಳಿ. ಅವರ ಉತ್ತರ ಬಂದ ದಿನವೇ ನನಗೆ ಫಾರ್ವರ್ಡ್ ಮಾಡಿ, ಎಂಟನೇ ಕಾಲಂ ಮತ್ತು ಭಾಗಗಳ ಪಟ್ಟಿ ಒಟ್ಟಿಗೆ ಇಟ್ಟು ನೋಡಿ ಹೇಳುತ್ತೇನೆ.