ವಿದ್ಯಾರ್ಥಿವೇತನ 2026-27: ಅರ್ಜಿ ಹಾಕುವ ಮುನ್ನ ಪೂರ್ತಿ ಓದಿ

ರಾಣೆಬೆನ್ನೂರು, ಬ್ಯಾಡಗಿ, ಹಿರೇಕೆರೂರು, ರಟ್ಟೀಹಳ್ಳಿ ತಾಲ್ಲೂಕುಗಳ ವಿದ್ಯಾರ್ಥಿಗಳಿಂದ ನಮ್ಮ ಟ್ರಸ್ಟ್ ಅರ್ಜಿ ಕರೆದಿದೆ. ಕೊನೆಯ ದಿನ 2026ರ ಜುಲೈ 31, ಶುಕ್ರವಾರ, ಸಂಜೆ 5 ಗಂಟೆ.

ಮೊದಲು ಲೆಕ್ಕ ಹೇಳಿಬಿಡುತ್ತೇವೆ. ಈ ವರ್ಷ ಕೊಡುವುದು 40 ಜನರಿಗೆ ಮಾತ್ರ. ಹೋದ ವರ್ಷವೂ 40 ಜನರಿಗೇ ಕೊಟ್ಟಿದ್ದು, ಅರ್ಜಿ ಬಂದಿದ್ದು 312. ದಾಖಲೆ ಸರಿಯಿಲ್ಲದೆ 58 ಬದಿಗೆ ಹೋದವು. ಉಳಿದ 254 ಮಕ್ಕಳೂ ಅರ್ಹರೇ, ಆದರೂ 214 ಮಂದಿಗೆ ಸಿಗಲಿಲ್ಲ. ಅರ್ಹತೆ ಇದ್ದರೆ ಅರ್ಜಿ ಹಾಕಬಹುದು, ಅಷ್ಟೇ. ಹಣ ಬಂದೇ ಬರುತ್ತದೆ ಎಂದಲ್ಲ.

ಮೊತ್ತ: ಪಿಯುಸಿಗೆ 8,000 ರೂ., ಐಟಿಐ ಮತ್ತು ಡಿಪ್ಲೊಮಾಗೆ 12,000 ರೂ. ಒಂದೇ ಬಾರಿ, ಒಂದೇ ವರ್ಷಕ್ಕೆ. ಮುಂದಿನ ವರ್ಷ ತಾನಾಗಿ ಮುಂದುವರಿಯುವುದಿಲ್ಲ. ಹಣ ಖಾತೆಗೆ ಬೀಳುವುದು ಸೆಪ್ಟೆಂಬರ್ ಕೊನೆಗೆ. ಕಾಲೇಜು ಫೀ ಕಟ್ಟುವ ಹೊತ್ತು ಅಷ್ಟರಲ್ಲಿ ಮುಗಿದಿರುತ್ತದೆ. ಹಾಗಾಗಿ ಇದನ್ನು ನಂಬಿ ಸಾಲ ಮಾಡಬೇಡಿ, ಕೈಗೆಟುಕದ ಕಾಲೇಜಿಗೆ ಸೇರಿಸಬೇಡಿ. ಪುಸ್ತಕ, ಬಸ್ ಪಾಸ್, ಮೆಸ್ ಖರ್ಚಿಗೆ ಒಂದಿಷ್ಟು ಆಸರೆ ಎಂದು ನೋಡಿ.

ಯಾರು ಹಾಕಬಹುದು
2026ರಲ್ಲಿ ಎಸ್‌ಎಸ್‌ಎಲ್‌ಸಿ ಪಾಸಾಗಿ, ಸರ್ಕಾರಿ ಅಥವಾ ಅನುದಾನಿತ ಸಂಸ್ಥೆಯಲ್ಲಿ ಪಿಯುಸಿ, ಐಟಿಐ ಇಲ್ಲವೇ ಡಿಪ್ಲೊಮಾ ಮೊದಲ ವರ್ಷಕ್ಕೆ ಸೇರಿದವರು. ಕನಿಷ್ಠ 60% ಅಂಕ. ಅಂಗವಿಕಲರಿಗೆ ಮತ್ತು ತಂದೆ ಅಥವಾ ತಾಯಿ ಇಲ್ಲದವರಿಗೆ 50%. ಎಷ್ಟನೇ ಪರೀಕ್ಷೆಯಲ್ಲಿ ಪಾಸಾದರೂ ನಡೆಯುತ್ತದೆ. ಕುಟುಂಬದ ವಾರ್ಷಿಕ ಆದಾಯ 1,50,000 ರೂ. ಒಳಗಿರಬೇಕು. ಜಾತಿ, ಧರ್ಮದ ನಿರ್ಬಂಧವಿಲ್ಲ. 59.8% ಇದೆ, ಸ್ವಲ್ಪ ನೋಡಿ ಎನ್ನುವ ಫೋನುಗಳು ಪ್ರತಿವರ್ಷ ಬರುತ್ತವೆ. ಬೇಸರವಾಗುತ್ತದೆ, ಆದರೆ ಆಗುವುದಿಲ್ಲ.

ಜೊತೆಗೆ ಇಡಬೇಕಾದ ಜೆರಾಕ್ಸ್ ಪ್ರತಿಗಳು (ಮೂಲ ದಾಖಲೆ ಕಳಿಸಲೇಬೇಡಿ)
• ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ. ಆನ್‌ಲೈನ್ ಪ್ರಿಂಟ್ ಆದರೆ ಮುಖ್ಯೋಪಾಧ್ಯಾಯರ ಸಹಿ, ಮೊಹರು ಬೇಕು
• ಈಗ ಓದುತ್ತಿರುವ ಸಂಸ್ಥೆಯ ವ್ಯಾಸಂಗ ಪ್ರಮಾಣಪತ್ರ ಮತ್ತು ಫೀ ರಶೀದಿ
• ನಾಡಕಚೇರಿಯ ಆದಾಯ ಪ್ರಮಾಣಪತ್ರ, ಆರ್‌ಡಿ ನಂಬರ್ ಓದುವಂತಿರಬೇಕು
• ವಿದ್ಯಾರ್ಥಿಯ ಆಧಾರ್, ಮನೆಯ ರೇಷನ್ ಕಾರ್ಡ್
• ವಿದ್ಯಾರ್ಥಿಯ ಹೆಸರಿನದೇ ಪಾಸ್‌ಬುಕ್‌ನ ಮೊದಲ ಪುಟ
• ಅನ್ವಯಿಸಿದರೆ ಮರಣ ಪ್ರಮಾಣಪತ್ರ ಅಥವಾ ಯುಡಿಐಡಿ ಕಾರ್ಡ್

ಅರ್ಜಿಗಳು ಬೀಳುವುದು ಹೆಚ್ಚಾಗಿ ಎರಡು ಕಡೆ. ಒಂದು, ಆದಾಯ ಪತ್ರ. ಬಿಪಿಎಲ್ ಕಾರ್ಡ್ ಅದರ ಬದಲಿಗೆ ನಡೆಯುವುದಿಲ್ಲ. ನಾಡಕಚೇರಿಯಲ್ಲಿ ಅರ್ಜಿ ಕೊಟ್ಟ ಸ್ವೀಕೃತಿ ಚೀಟಿ ಪ್ರಮಾಣಪತ್ರವಲ್ಲ, ಅದನ್ನೇ ಲಗತ್ತಿಸಿ ಸುಮ್ಮನಾಗುವವರು ಬಹಳ. ಜುಲೈ 31ರೊಳಗೆ ಪತ್ರ ಕೈಸೇರದಿದ್ದರೆ ಸ್ವೀಕೃತಿ ಇಟ್ಟು ಅರ್ಜಿ ಹಾಕಿ, ಆಗಸ್ಟ್ 14ರೊಳಗೆ ಪತ್ರ ತಂದುಕೊಡಿ. ಈ ಸಡಿಲಿಕೆ ಆದಾಯ ಪತ್ರಕ್ಕೆ ಮಾತ್ರ.

ಇನ್ನೊಂದು, ಬ್ಯಾಂಕ್ ಖಾತೆ. ಪ್ರೈಮರಿಯಲ್ಲಿದ್ದಾಗ ತೆರೆದು ಆಮೇಲೆ ಮುಟ್ಟದ ಖಾತೆ ನಿಷ್ಕ್ರಿಯವಾಗಿರುತ್ತದೆ. ಎರಡು ವರ್ಷ ವ್ಯವಹಾರವಿಲ್ಲದಿದ್ದರೆ ಬ್ಯಾಂಕಿಗೆ ಹೋಗಿ ಕೆವೈಸಿ ಕೊಟ್ಟು ಚಾಲೂ ಮಾಡಿಸಿ. ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ 2025ರ ಮೇ 1ರಿಂದ ಕರ್ನಾಟಕ ಗ್ರಾಮೀಣ ಬ್ಯಾಂಕ್‌ನಲ್ಲಿ ಒಂದಾಗಿದೆ. ಹಳೆಯ ಪಾಸ್‌ಬುಕ್ ಇದ್ದವರು ಈಗಿನ ಐಎಫ್‌ಎಸ್‌ಸಿ ಶಾಖೆಯಲ್ಲೇ ಕೇಳಿ ಬರೆಯಿರಿ. ಅಂಕಪಟ್ಟಿ, ಆಧಾರ್, ಪಾಸ್‌ಬುಕ್ ಮೂರರಲ್ಲೂ ಹೆಸರು ಹೊಂದಬೇಕು. ಇನಿಷಿಯಲ್ ಹಿಂದೆ ಮುಂದೆ ಆದರೆ ತೊಂದರೆಯಿಲ್ಲ; ಹೆಸರೇ ಬೇರೆಯಾದರೆ ಕಾಲೇಜು ಪ್ರಾಂಶುಪಾಲರ ದೃಢೀಕರಣ ಪತ್ರ ಇಡಿ.

ಆಯ್ಕೆ 100 ಅಂಕಗಳ ಮೇಲೆ: ಎಸ್‌ಎಸ್‌ಎಲ್‌ಸಿ ಫಲಿತಾಂಶಕ್ಕೆ 40, ಆದಾಯಕ್ಕೆ 30, ಮನೆಯ ಸ್ಥಿತಿಗೆ 30. ಮೊದಲ 70 ಮಂದಿಯ ಮನೆಗೆ ಆಗಸ್ಟ್‌ನಲ್ಲಿ ಭೇಟಿ ಕೊಡುತ್ತೇವೆ. ಮನೆಗೆ ಬಂದರೆಂದರೆ ಆಯ್ಕೆಯಾಯಿತು ಎಂದು ಊರಲ್ಲಿ ಹೇಳಿಕೊಳ್ಳಬೇಡಿ. ಆ 70ರಲ್ಲೂ 30 ಹೆಸರು ಬಿಡಬೇಕಾಗುತ್ತದೆ. ಪಟ್ಟಿ ಸೆಪ್ಟೆಂಬರ್ 5ರಂದು ಕಚೇರಿ ಬಾಗಿಲಲ್ಲಿ ಮತ್ತು ಈ ಪುಟದಲ್ಲಿ. ಆಯ್ಕೆಯಾಗದವರಿಗೂ ಎಸ್‌ಎಂಎಸ್ ಬರುತ್ತದೆ, ಕಾಯುತ್ತ ಕೂರುವುದು ಬೇಡ.

ಸರ್ಕಾರದ ಎಸ್‌ಎಸ್‌ಪಿ ವಿದ್ಯಾರ್ಥಿವೇತನಕ್ಕೂ ತಪ್ಪದೆ ಅರ್ಜಿ ಹಾಕಿ. ನಮ್ಮ ಕಡೆಯಿಂದ ಅಡ್ಡಿಯಿಲ್ಲ.

ಅರ್ಜಿ ನಮೂನೆ ಉಚಿತ: ರಾಣೆಬೆನ್ನೂರು ಮೇಡ್ಲೇರಿ ರಸ್ತೆಯ ನಮ್ಮ ಕಚೇರಿಯಲ್ಲಿ, ಸೋಮವಾರದಿಂದ ಶನಿವಾರ, ಬೆಳಿಗ್ಗೆ 10ರಿಂದ 5. ಅಲ್ಲೇ ಕೊಟ್ಟು ಸ್ವೀಕೃತಿ ಸಂಖ್ಯೆ ಪಡೆಯಿರಿ. ಅಂಚೆಯಲ್ಲಿ ಕಳಿಸುವವರು ಗಮನಿಸಿ: ಜುಲೈ 31ರ ಸಂಜೆಯೊಳಗೆ ನಮಗೆ ತಲುಪಿರಬೇಕು, ಅಂಚೆ ಮುದ್ರೆಯ ತಾರೀಖು ಲೆಕ್ಕಕ್ಕಿಲ್ಲ. ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ ಫೋಟೊ ಅರ್ಜಿಯಲ್ಲ.

ಅರ್ಜಿಗೆ ಶುಲ್ಕವಿಲ್ಲ, ಮಧ್ಯವರ್ತಿಗಳಿಲ್ಲ. ನಾವು ಒಟಿಪಿ ಕೇಳುವುದಿಲ್ಲ. ನಮ್ಮ ಹೆಸರಲ್ಲಿ ಯಾರಾದರೂ ಹಣ ಕೇಳಿದರೆ ಕೊಡದೆ, ನಮ್ಮ ಕಚೇರಿಗೆ ತಿಳಿಸಿ.