ಸಹಿ ಹಾಕುವ ಮುಂಚೆ ಓನರ್‌ಗೆ ಇಷ್ಟು ಕೇಳು

ಪುಟ್ಟಾ, ನೀನು ಕಳಿಸಿದ ಬಾಡಿಗೆ ಅಗ್ರಿಮೆಂಟಿನ ನಾಲ್ಕೂ ಫೋಟೋ ದೊಡ್ಡದು ಮಾಡಿಕೊಂಡು ಓದಿದೆ. ಭಾನುವಾರ ಸಹಿ ಅಂದೆಯಲ್ಲ, ಅಷ್ಟರೊಳಗೆ ಇದನ್ನೆಲ್ಲ ಕೇಳಿಬಿಡು.

ಮೊದಲು ಅಡ್ವಾನ್ಸ್, ಅಂದರೆ 4ನೇ ಕಲಂ. ಅಂಕಿಯಲ್ಲಿ 1,50,000 ಇದೆ. ಪಕ್ಕದಲ್ಲೇ ಅಕ್ಷರದಲ್ಲಿ ಒಂದು ಲಕ್ಷ ಎಂಬತ್ತು ಸಾವಿರ ಅಂತಿದೆ! ಹಳೇ ಬಾಡಿಗೆದಾರರ ಅಗ್ರಿಮೆಂಟನ್ನೇ ತಿದ್ದಿ ಟೈಪ್ ಮಾಡಿಸಿರಬೇಕು. ಇದನ್ನು ಪೆನ್ನಿನಲ್ಲಿ ತಿದ್ದಿಸಬೇಡ, ಆ ಪುಟವನ್ನೇ ಹೊಸದಾಗಿ ಹಾಕಿಸು. ನೀನು ಕೈಯಲ್ಲಿ ಕೊಟ್ಟ 10,000 ಟೋಕನ್ ಎಲ್ಲೂ ಬರೆದಿಲ್ಲ.

ವಾಪಸ್ ಕೊಡುವ ವಿಷಯದಲ್ಲಿ 'ಪೇಂಟಿಂಗ್ ಮತ್ತು ಇತರೆ ಖರ್ಚು ಕಳೆದು' ಅಂತ ಮಾತ್ರ ಇದೆ. ಯಾವತ್ತು ಕೊಡುತ್ತಾರೆ ಅಂತಿಲ್ಲ. ಬೆಂಗಳೂರಿನಲ್ಲಿ ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳೋದು ರೂಢಿ, ಅದಕ್ಕೆ ಜಗಳ ಬೇಡ. ನನಗೆ ಭಯ ಇರೋದು 'ಇತರೆ' ಅನ್ನೋ ಪದದ ಮೇಲೆ. ನನ್ನ ಹಿಂದಿನ ಮನೆಯಲ್ಲಿ ಅದೇ ಪದ ತೋರಿಸಿ ಗೀಸರ್ ಹಳೇದಾಯ್ತು ಅಂತ 6,000 ಹಿಡಿದುಕೊಂಡರು. ಉಳಿದ ದುಡ್ಡಿಗೆ ಮೂರು ತಿಂಗಳು ಅಲೆದೆ.

ನೋಟಿಸ್ 9ನೇ ಕಲಂನಲ್ಲಿದೆ. ನೀನು ಬಿಡೋದಾದರೆ ಎರಡು ತಿಂಗಳು ಮುಂಚೆ ಹೇಳಬೇಕು, ಅವರು ಬಿಡಿಸೋದಾದರೆ ಒಂದೇ ತಿಂಗಳು. ಇದು ಸರಿಯಲ್ಲ, ಇಬ್ಬರಿಗೂ ಒಂದೇ ಇರಬೇಕು. ಬಾಯಲ್ಲಿ ಏನೇ ಒಪ್ಪಿದರೂ ಬರವಣಿಗೆಯಲ್ಲಿ ಇರೋದೇ ನಿಲ್ಲುತ್ತೆ. ಏನೂ ಬರೆಯದಿದ್ದರೆ ಮಾತ್ರ ತಿಂಗಳ ಬಾಡಿಗೆಗೆ ಕಾನೂನಿನ ಪ್ರಕಾರ 15 ದಿನದ ನೋಟಿಸ್. ಆಮೇಲೆ, ಆರು ತಿಂಗಳ ಲಾಕ್-ಇನ್ ಕೂಡ ಇದೆ. ಅದರೊಳಗೆ ಬಿಟ್ಟರೆ ಎಷ್ಟು ಕಡಿತ ಅಂತ ಬರೆದಿರೋ ಸಾಲಿನ ಮೇಲೆ ನಿನ್ನ ಹೆಬ್ಬೆರಳಿದೆ ನೋಡು. ನಿನ್ನ ಆಫೀಸು ಊರು ಬದಲಿಸಬಹುದು ಅಂತಿದ್ದೆಯಲ್ವಾ, ನಿನಗೆ ಮುಖ್ಯವಾದ ಸಾಲೇ ಅದು.

ಓನರ್‌ಗೆ ಹೀಗೆ ಕಳಿಸು:

ಸರ್, ನಮಸ್ಕಾರ. ಅಗ್ರಿಮೆಂಟ್ ಓದಿದೆ, ಕೆಲವು ವಿಷಯ ಕೇಳಬೇಕಿತ್ತು.
1. ಅಡ್ವಾನ್ಸ್ ಒಂದೂವರೆ ಲಕ್ಷವೇ ಅಲ್ವಾ? ಟೋಕನ್ 10,000 ಅದರಲ್ಲೇ ಸೇರಿದೆ ಅಂತ ಬರೆಸಬಹುದಾ?
2. ಬೀಗದ ಕೈ ಕೊಟ್ಟ ಎಷ್ಟು ದಿನದೊಳಗೆ ಅಡ್ವಾನ್ಸ್ ವಾಪಸ್ ಕೊಡುತ್ತೀರಿ?
3. ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ, 18,000 ಅಂತ ಇಟ್ಟುಕೊಳ್ಳೋಣ. 'ಇತರೆ ಖರ್ಚು' ಅಂದರೆ ಯಾವುದು? ಬಿಲ್ ತೋರಿಸಿ ಕಳೆಯುತ್ತೀರಾ?
4. ನೋಟಿಸ್ ಇಬ್ಬರಿಗೂ ಒಂದು ತಿಂಗಳು ಮಾಡಬಹುದಾ? ತಿಂಗಳ ಮಧ್ಯದಲ್ಲಿ ಹೇಳಿದರೆ ಯಾವ ದಿನದಿಂದ ಲೆಕ್ಕ? ವಾಟ್ಸಾಪ್‌ನಲ್ಲಿ ಕೊಟ್ಟರೆ ನಡೆಯುತ್ತಾ?
5. ಲಾಕ್-ಇನ್ ಒಳಗೆ ನನಗೆ ವರ್ಗವಾದರೆ ಎಷ್ಟು ಹಿಡಿಯುತ್ತೀರಿ? ಆ ಆರು ತಿಂಗಳು ನೀವೂ ಖಾಲಿ ಮಾಡಿಸುವಂತಿಲ್ಲ, ಅಲ್ವಾ?

ಎರಡನೇದನ್ನು ಮಾತ್ರ ಬಿಡಲೇಬೇಡ. ಮೂವತ್ತು ದಿನ ಅಂದರೂ ಪರವಾಗಿಲ್ಲ, ಬರೆಸಿಕೋ. ಉಳಿದ ಅಡ್ವಾನ್ಸ್ ಬ್ಯಾಂಕಿನಿಂದಲೇ ಹಾಕು.

ಮೂರನೇ ಪುಟದ ಫೋಟೋ ಮತ್ತೆ ತೆಗೆದು ಕಳಿಸು, ಈ ಸಲ ಬೆರಳು ಅಂಚಿನ ಹೊರಗಿರಲಿ. ರಾತ್ರಿ ಹತ್ತರ ತನಕ ಎದ್ದಿರುತ್ತೇನೆ.

ಅಕ್ಕ