ವಿಷಯ: ಹೆಣ್ಣುಮಕ್ಕಳಿಗೆ ಮಾತ್ರ ಹಾಕಿರುವ ಉಡುಪಿನ ನಿಯಮದ ಬಗ್ಗೆ ದೂರು

ಮಡಿಕೇರಿ
ಜುಲೈ 8

ಮ್ಯಾನೇಜರ್ ಅವರಿಗೆ,

ನಮಸ್ಕಾರ ಸರ್. ನಾನು ನಮ್ಮ ರೆಸಾರ್ಟಿನ ರಿಸೆಪ್ಶನ್‌ನಲ್ಲಿ ನಾಲ್ಕು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಹೋದ ವಾರ ನೋಟಿಸ್ ಬೋರ್ಡಿಗೆ ಹಾಕಿದ ಹೊಸ ನಿಯಮ ಓದಿದೆ.

ಗಂಡಸರಿಗೆ ಒಂದೇ ಸಾಲು: ಬಿಳಿ ಶರ್ಟು, ಕಪ್ಪು ಪ್ಯಾಂಟು. ನಮಗೆ ಒಂದು ಪುಟ! ದಿನಾ ಕೊಡವ ಶೈಲಿಯ ಸೀರೆ, ಹೈ ಹೀಲ್ಸ್, ಲಿಪ್‌ಸ್ಟಿಕ್, ನರೆಗೂದಲಿಗೆ ಬಣ್ಣ. "ಸಪ್ಪೆ ಮುಖ" ಇದ್ದರೆ ಕೌಂಟರಿನಲ್ಲಿ ನಿಲ್ಲಿಸುವುದಿಲ್ಲವಂತೆ.

ಹಿಂದೆ ನೆರಿಗೆ ಬರುವ ಆ ಸೀರೆ ನನಗೂ ಇಷ್ಟ, ಮದುವೆಗೆ ಉಡುತ್ತೇನೆ. ಆದರೆ ಅತಿಥಿಗಳ ಫೋಟೋಗೆ ಅಂತ ದಿನಾ ಉಡಿಸುವುದು ಬೇರೆ ಮಾತು. ಸಂಪ್ರದಾಯ ಅಂದರೆ ಗಂಡಸರಿಗೂ ಕುಪ್ಯ ಚೇಲೆ ಇದೆ ಅಲ್ವಾ? ಅದನ್ನು ಯಾರೂ ಕೇಳಿಲ್ಲ.

ಈ ಮಳೆಯಲ್ಲಿ ಪಾಚಿ ಕಟ್ಟಿದ ಮೆಟ್ಟಿಲಲ್ಲಿ ಹೀಲ್ಸ್ ಹಾಕಿ ಅತಿಥಿಗಳನ್ನು ಕಾಟೇಜಿಗೆ ಬಿಡಬೇಕು. ಶನಿವಾರ ನಮ್ಮ ಜೊತೆಯವಳೊಬ್ಬಳು ಜಾರಿ ಬಿದ್ದು ಕಾಲು ಉಳುಕಿಸಿಕೊಂಡಳು. ಅವಳ ಎರಡು ದಿನದ ರಜೆಗೆ ಸಂಬಳ ಕಡಿತ. ಸೀರೆ, ಮೇಕಪ್ಪಿನ ಖರ್ಚೂ ನಮ್ಮದೇ.

ನರೆಗೂದಲಿನ ಮಾತು ಸೂಪರ್‌ವೈಸರ್ ಎಲ್ಲರೆದುರು ಆಡಿದರು. ಅವರ ತಲೆಯೂ ಬೆಳ್ಳಗಿದೆ, ಇರಲಿ ಬಿಡಿ.

ಈ ನಿಯಮ ವಾಪಸ್ ತೆಗೆದುಕೊಳ್ಳಿ. ಎಲ್ಲರಿಗೂ ಒಂದೇ ಥರದ, ಶುಚಿಯಾದ ಸಮವಸ್ತ್ರ ರೆಸಾರ್ಟಿನ ಖರ್ಚಿನಲ್ಲೇ ಕೊಡಿ. ಮಳೆಗಾಲಕ್ಕೆ ಜಾರದ ಚಪ್ಪಲಿ ಬೇಕು. ಕಡಿತವಾದ ಸಂಬಳ ಅವಳಿಗೆ ಕೊಡಿ. ರೂಪದ ಬಗ್ಗೆ ಆಡಿದ ಮಾತನ್ನು ಕೆಲಸದ ಜಾಗದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಂತೆ ಇರಬೇಕಾದ ಆಂತರಿಕ ದೂರು ಸಮಿತಿಯ ಮುಂದೆ ಇಡಿ. ಹತ್ತು ದಿನದೊಳಗೆ ಲಿಖಿತ ಉತ್ತರ ಕೊಡಿ.

ಇಂತಿ,
ರಿಸೆಪ್ಶನ್ ವಿಭಾಗದ ಹಿರಿಯ ಸಿಬ್ಬಂದಿ
(ಜೊತೆಗೆ ಆರು ಸಹೋದ್ಯೋಗಿಗಳ ಸಹಿ ಇದೆ)